"ನಾನು ಕಣೇ" ಎಂದ ತಪ್ಪು ನಂಬರು

ನಾನಾಗ ಶಾಲೆಗೆ ಹೋಗುತ್ತಿದ್ದೆ. ಮನೆಯಲ್ಲಿ ಇದ್ದದ್ದು ಲ್ಯಾಂಡ್‌ಲೈನ್. ಒಂದು ಬೆಳಗ್ಗೆ ಅದು ಹೊಡೆದುಕೊಂಡಿತು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಎತ್ತಿ "ಹಲೋ" ಅಂದಳು. ಆ ಕಡೆಯಿಂದ ಒಂದು ಹೆಂಗಸಿನ ದನಿ. ಪಕ್ಕದಲ್ಲಿ ಕೂತಿದ್ದ ನನಗೂ ಕೇಳುವಷ್ಟು ಜೋರಾಗಿತ್ತು. "ನಾನು ಕಣೇ! ಹುಟ್ಟುಹಬ್ಬದ ಶುಭಾಶಯ. ಚೆನ್ನಾಗಿರು, ಆಯ್ತಾ? ಯಾಕೆ ದನಿ ಹೀಗಾಗಿದೆ, ನೆಗಡಿನಾ?" ಅಮ್ಮನ ಹುಟ್ಟುಹಬ್ಬ ಅವತ್ತಲ್ಲ. ನೆಗಡಿಯೂ ಇರಲಿಲ್ಲ. ಅಮ್ಮ ತಡೆಯಲಿಲ್ಲ. ಆ ಹೆಂಗಸು ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ, ತುಂಬಾ ಮೆಲ್ಲಗೆ, "ಯಾರಿಗೆ ಮಾಡಿದ್ದು ಅಮ್ಮಾ ನೀವು?" ಅಂದಳು. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ "ಅಯ್ಯೋ, ಕ್ಷಮಿಸಿ, ಕ್ಷಮಿಸಿ" ಅನ್ನುತ್ತಾ ಇಟ್ಟುಬಿಟ್ಟರು. ಅಮ್ಮ ರಿಸೀವರನ್ನು ಇನ್ನೂ ಸ್ವಲ್ಪ ಹೊತ್ತು ಕಿವಿಯ ಹತ್ತಿರವೇ ಹಿಡಿದುಕೊಂಡಿದ್ದಳು.

ಅಷ್ಟೇ ನಡೆದದ್ದು. ಮತ್ತೆ ಆ ಕರೆ ಬರಲಿಲ್ಲ. ಆದರೆ ಅಮ್ಮ ಎಷ್ಟೋ ದಿನ, ಏನೋ ಕೆಲಸ ಮಾಡುತ್ತಾ ಮಾಡುತ್ತಾ ನಿಂತು, "ಪಾಪ, ಆಕೆಗೆ ಆ ನಂಬರು ಸಿಕ್ಕಿತೋ ಇಲ್ಲವೋ" ಅನ್ನುತ್ತಿದ್ದಳು. ಸಿಕ್ಕದಿದ್ದರೆ ಹುಟ್ಟುಹಬ್ಬದ ದಿನ ಆ ಇನ್ನೊಬ್ಬಳು ಫೋನಿನ ಪಕ್ಕದಲ್ಲಿ ಕಾದಿರುತ್ತಾಳೆ ಅನ್ನುವುದು ಅಮ್ಮನ ಯೋಚನೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಗುರುತಿಲ್ಲದ ಒಬ್ಬರು ನನ್ನ ಅಮ್ಮನನ್ನು "ಕಣೇ" ಅಂದಿದ್ದರು. ಮನೆಯಲ್ಲಿ ಅಮ್ಮನಿಗೆ ಹಾಗೆ ಅನ್ನುವವರು ಯಾರೂ ಇರಲಿಲ್ಲ.

ಆ ಕರೆಯನ್ನು ಒಂದು ಸಣ್ಣಕಥೆ ಮಾಡಬೇಕು ಅಂತ ಎಷ್ಟೋ ವರ್ಷದಿಂದ ಒದ್ದಾಡಿದ್ದೇನೆ. ತಪ್ಪಿ ಬಂದ ಒಂದು ಶುಭಾಶಯ, ಇಬ್ಬರು ಅಪರಿಚಿತರು, ಕೊನೆಗೆ ಗೆಳೆತನ. ಹೇಳುವಾಗ ಇಷ್ಟು ಸುಲಭ. ಬರೆಯಲು ಕೂತಾಗ ಮಾತ್ರ ಪ್ರತಿ ಸಲವೂ ಒಂದೇ ಜಾಗದಲ್ಲಿ ಕಥೆ ಕುಸಿಯುತ್ತಿತ್ತು. ಮೊದಲ ಕರೆ ಆಗುತ್ತದೆ, ಸರಿ. ಎರಡನೆಯ ಕರೆ ಯಾಕೆ ಆಗಬೇಕು?

ಒಂದು ಕಾಕತಾಳೀಯ ಸಾಕು

ಮೊದಲ ಸಲ ಬರೆದಾಗ ನಾನು ಮಾಡಿದ್ದು ಹೀಗೆ. ಫೋನು ಎತ್ತಿದವಳಿಗೂ ಅವತ್ತೇ ಹುಟ್ಟುಹಬ್ಬ. ಅವಳಿಗೆ ಯಾರೂ ಶುಭಾಶಯ ಹೇಳಿರಲಿಲ್ಲ. ಅಷ್ಟರಲ್ಲಿ ಈ ಕರೆ ಬಂತು, ಅವಳು ಅತ್ತಳು, ಇಬ್ಬರೂ ಒಂದು ಗಂಟೆ ಮಾತಾಡಿದರು. ಬರೆಯುವಾಗ ನನಗೇ ಕಣ್ಣು ತುಂಬಿ ಬಂದಿತ್ತು. ಗೆಳತಿಯೊಬ್ಬಳಿಗೆ ಓದಲು ಕೊಟ್ಟೆ. ಅವಳು ಕಾಗದದ ಮೇಲೆ ಎರಡು ಕಡೆ ಗೆರೆ ಎಳೆದು ವಾಪಸ್ ಕೊಟ್ಟಳು. "ತಪ್ಪು ನಂಬರು ಒಂದು ಕಾಕತಾಳೀಯ. ಅದನ್ನು ನಂಬಿ ಕಥೆಯ ಒಳಗೆ ಬಂದೆ. ಹುಟ್ಟುಹಬ್ಬ ಎರಡನೆಯದು. ಅಲ್ಲಿಂದ ಎದ್ದು ಹೊರಗೆ ಹೋದೆ" ಅಂದಳು.

ಅವಳು ಹೇಳಿದ್ದು ಸರಿ ಅಂತ ಈಗಲೂ ಅನ್ನಿಸುತ್ತದೆ. ಕಥೆಯೊಂದು ಕಾಕತಾಳೀಯದಿಂದ ಶುರುವಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಯಾಕಂದ್ರೆ ಅದು ನಡೆಯದಿದ್ದರೆ ಕಥೆಯೇ ಇಲ್ಲ. ಆದರೆ ಪಾತ್ರಗಳು ಮಾಡಬೇಕಾದ ಕೆಲಸವನ್ನು ಇನ್ನೊಂದು ಕಾಕತಾಳೀಯ ಮಾಡಿಕೊಟ್ಟಾಗ ಓದುಗರಿಗೆ ಬರೆದವರ ಕೈ ಕಾಣುತ್ತದೆ. ನನ್ನ ಕಥೆಯಲ್ಲಿ ಆ ಇಬ್ಬರೂ ಗೆಳೆತನಕ್ಕೆ ಏನನ್ನೂ ಮಾಡಿರಲಿಲ್ಲ. ಕ್ಯಾಲೆಂಡರೇ ಎಲ್ಲ ಮಾಡಿಬಿಟ್ಟಿತ್ತು. ಒಂಟಿತನ ಇತ್ತು, ಅಳು ಇತ್ತು, ಒಂದು ಗಂಟೆಯ ಮಾತು ಇತ್ತು. ಅದರಲ್ಲಿ ಒಂದಾದರೂ ಈ ಇಬ್ಬರಿಗೇ ಸೇರಿದ್ದು ಅನ್ನುವ ಹಾಗಿರಲಿಲ್ಲ. ಯಾರನ್ನು ಬೇಕಾದರೂ ಅಲ್ಲಿ ಕೂರಿಸಬಹುದಿತ್ತು.

ಹಾಗಾಗಿ ಹುಟ್ಟುಹಬ್ಬ ಹೋಯಿತು. ಅಳುವೂ ಹೋಯಿತು. ಉಳಿದದ್ದು ಅಮ್ಮ ಎತ್ತಿದ ಆ ಕರೆ ಮಾತ್ರ. ಅದನ್ನೇ ಹತ್ತಿರದಿಂದ ನೋಡಬೇಕಾಯಿತು.

"ಹಲೋ" ಅನ್ನುವ ಒಂದೇ ಮಾತು

ಫೋನಿನಲ್ಲಿ ಮೊದಲು ಮಾತಾಡುವವರು ಯಾರು? ಕರೆ ಮಾಡಿದವರಲ್ಲ, ಎತ್ತಿದವರು. ಇದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನ್ಯುಯೆಲ್ ಷೆಗ್ಲಾಫ್ ಕೂತು ಗಮನಿಸಿದ್ದರು. ಪೊಲೀಸರಿಗೆ ಬಂದ ಮತ್ತು ಪೊಲೀಸರು ಮಾಡಿದ ಸುಮಾರು 500 ಕರೆಗಳ ಧ್ವನಿಮುದ್ರಣ ಅವರ ಮುಂದಿತ್ತು. ಒಂದನ್ನು ಬಿಟ್ಟು ಎಲ್ಲದರಲ್ಲೂ ಎತ್ತಿದವರೇ ಮೊದಲು ಬಾಯಿ ತೆರೆದಿದ್ದರು. ಆ ಒಂದು ಕರೆಯಲ್ಲಿ ಎತ್ತಿದವರು ಏನೂ ಹೇಳಲಿಲ್ಲ, ಸ್ವಲ್ಪ ಹೊತ್ತಿನ ಬಳಿಕ ಮಾಡಿದವರೇ "ಹಲೋ" ಅಂದರು. ಆ ಒಂದನ್ನು ಬದಿಗಿಡದೆ ಷೆಗ್ಲಾಫ್ ಅದರ ಮೇಲೇ ಯೋಚಿಸಿ, 1968ರ ಲೇಖನದಲ್ಲಿ ಒಂದು ಸರಳ ಮಾತು ಹೇಳಿದರು. ಗಂಟೆ ಹೊಡೆಯುವುದೇ ಒಂದು ಕೂಗು. "ಹಲೋ" ಅನ್ನುವುದು ಆ ಕೂಗಿಗೆ "ಓ" ಅಂದ ಹಾಗೆ. ಓಗೊಡದಿದ್ದರೆ ಕೂಗಿದವರು ಮತ್ತೆ ಕೂಗುತ್ತಾರೆ, ಅಷ್ಟೇ.

ಇದನ್ನು ಓದಿದಾಗ ನನ್ನ ಕಥೆಯ ಬಾಗಿಲು ಸ್ವಲ್ಪ ತೆರೆಯಿತು. ಎತ್ತಿದವರ ಆ ಒಂದೇ ಒಂದು "ಹಲೋ" ಕೇಳಿ, ಕರೆ ಮಾಡಿದವರು ಆ ಕಡೆ ಯಾರಿದ್ದಾರೆ ಅಂತ ತೀರ್ಮಾನ ಮಾಡುತ್ತಾರೆ. ಹತ್ತಿರದವರಾದರೆ ಹೆಸರು ಹೇಳುವುದೇ ಇಲ್ಲ. "ನಾನು" ಅನ್ನುತ್ತಾರೆ. ಯೋಚನೆ ಮಾಡಿ, ಇದು ಎಂಥ ಮಾತು! ಯಾರು ಬೇಕಾದರೂ "ನಾನು" ಅನ್ನಬಹುದು. ಆ ಮಾತಿನಲ್ಲಿ ಸುದ್ದಿ ಏನೂ ಇಲ್ಲ. "ನನ್ನ ದನಿ ನಿನಗೆ ಗೊತ್ತು" ಅನ್ನುವ ನಂಬಿಕೆ ಮಾತ್ರ ಇದೆ. ಅವತ್ತು ಆ ಹೆಂಗಸು ನನ್ನ ಅಮ್ಮನಿಗೆ ಕೊಟ್ಟದ್ದು ಆ ನಂಬಿಕೆಯನ್ನು. ಜೊತೆಗೆ "ಕಣೇ", "ಚೆನ್ನಾಗಿರು". ಒಂದು ನಿಮಿಷದ ಬಳಿಕ ತಪ್ಪು ಗೊತ್ತಾಯಿತು, ಎಲ್ಲವನ್ನೂ ವಾಪಸ್ ತೆಗೆದುಕೊಂಡು "ಕ್ಷಮಿಸಿ" ಅಂದರು. "ನೀನು" ಹೋಗಿ "ನೀವು" ಬಂತು. ಅಮ್ಮ ರಿಸೀವರ್ ಹಿಡಿದು ನಿಂತದ್ದು ಯಾಕೆ ಅಂತ ನನಗೆ ಗೊತ್ತಾದದ್ದು ಆಗಲೇ.

ಗೆಳತಿ ಇಲ್ಲಿಯೂ ಒಂದು ಪ್ರಶ್ನೆ ಹಾಕಿದಳು. ಅಷ್ಟು ಹತ್ತಿರದ ಗೆಳತಿಯಾದರೆ ದನಿ ಬೇರೆ ಅಂತ ಗೊತ್ತಾಗುವುದಿಲ್ಲವಾ? ಗೊತ್ತಾಗುತ್ತದೆ. ಅದಕ್ಕೇ ಆಕೆ "ನೆಗಡಿನಾ?" ಅಂತ ಕೇಳಿದ್ದು. ಕಿವಿಗೆ ವ್ಯತ್ಯಾಸ ಕೇಳಿಸಿತ್ತು. ಆದರೆ ಈ ಕಡೆ ಇರುವುದು ತನ್ನ ಗೆಳತಿಯೇ ಅಂತ ಮನಸ್ಸು ಆಗಲೇ ನಿಶ್ಚಯ ಮಾಡಿಯಾಗಿತ್ತು. ಹಾಗಾಗಿ ವ್ಯತ್ಯಾಸಕ್ಕೆ ಒಂದು ಕಾರಣ ಹುಡುಕಿಕೊಂಡಿತು. ಈ ಒಂದು ಸಾಲನ್ನು ನಾನು ಕಟ್ಟಬೇಕಾಗಿ ಬರಲಿಲ್ಲ. ಅದು ನಿಜವಾದ ಕರೆಯಲ್ಲೇ ಇತ್ತು, ಇಷ್ಟು ವರ್ಷ ನಾನೇ ಅದನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಬೆರಳಿನ ತಪ್ಪು, ಬರಹದ ತಪ್ಪು

ಎರಡನೆಯ ಕರೆಯ ಕಾರಣ ನನಗೆ ಸಿಕ್ಕಿದ್ದು ಫೋನು ನಂಬರು ಹೇಗೆ ತಪ್ಪುತ್ತದೆ ಅಂತ ಹುಡುಕುವಾಗ. ತಪ್ಪುವುದರಲ್ಲಿ ಎರಡು ಬಗೆ ಇವೆ. ಒಂದು ಬೆರಳಿನ ತಪ್ಪು. 5 ಒತ್ತುವ ಬದಲು ಪಕ್ಕದ 6 ಒತ್ತುತ್ತೇವೆ. ಈ ತಪ್ಪು ಮತ್ತೆ ಆಗುವುದು ಅಪರೂಪ, ಇನ್ನೊಮ್ಮೆ ನೋಡಿಕೊಂಡು ಒತ್ತಿದರೆ ಸರಿಯಾದ ಕಡೆಗೇ ಹೋಗುತ್ತದೆ. ಇನ್ನೊಂದು ಬರಹದ ತಪ್ಪು. ಡೈರಿಯಲ್ಲಿ ಇರುವುದೇ ತಪ್ಪು, ಅಥವಾ ಓದಿಕೊಂಡದ್ದು ತಪ್ಪು. ಆಗ ಎಷ್ಟು ಜಾಗ್ರತೆಯಿಂದ ಒತ್ತಿದರೂ ಅದೇ ಅಪರಿಚಿತರ ಮನೆಗೇ ಹೋಗುತ್ತದೆ. ಬ್ಯಾಂಕ್ ಕಾರ್ಡಿನ ನಂಬರಿನಲ್ಲಿ ಈ ತೊಂದರೆ ಕಡಿಮೆ. ಅದರ ಕೊನೆಯ ಅಂಕಿಯನ್ನು ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ, ಒಂದು ಅಂಕಿ ಬದಲಾದರೂ ಲೆಕ್ಕ ಕೂಡುವುದಿಲ್ಲ, ಯಂತ್ರ ಒಪ್ಪುವುದಿಲ್ಲ. ಫೋನು ನಂಬರಿಗೆ ಅಂಥ ಕಾವಲು ಅಂಕಿ ಇಲ್ಲ. ತಪ್ಪಿದ ನಂಬರೂ ಯಾರದ್ದೋ ಒಬ್ಬರ ಸರಿಯಾದ ನಂಬರೇ ಆಗಿರಬಹುದು. ತಪ್ಪಾಗಿದೆ ಅಂತ ಹೇಳಬೇಕಾದವರು ಆ ಕಡೆ ಎತ್ತಿದ ಮನುಷ್ಯರೇ.

ನನಗೆ ಬೇಕಾದದ್ದು ಬರಹದ ತಪ್ಪು. ಹಾಗಾಗಿ ಕಥೆಯ ಹಿರಿಯಾಕೆಯ ಹಳೆಯ ಮೊಬೈಲು ಕೆಟ್ಟುಹೋಯಿತು, ಅದರ ಜೊತೆ ಅದರಲ್ಲಿದ್ದ ಹೆಸರುಗಳೂ ಹೋದವು. ಆಕೆ ಎಷ್ಟೋ ವರ್ಷ ಹಿಂದಿನ ಡೈರಿ ತೆಗೆದು, ಅದರಿಂದ ನೋಡಿ ಒತ್ತುತ್ತಾಳೆ. ಎತ್ತುವ ಕಿರಿಯಾಕೆ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಇವಳ ಕೆಲಸವನ್ನು ಮೊದಲು ಬೇರೆ ಮಾಡಿದ್ದೆ. ಆಮೇಲೆ ಲೆಕ್ಕದ ಕೆಲಸದಲ್ಲಿರುವ ನೆಂಟರೊಬ್ಬರ ಹತ್ತಿರ ಕೂತು ಕೇಳಿದ ಮೇಲೆ ಬದಲಾಯಿಸಿದೆ. ಅವರು ಹೇಳಿದ ಒಂದು ಗುಟ್ಟು ನನಗೆ ತುಂಬಾ ಹಿಡಿಸಿತು. ಎರಡು ಲೆಕ್ಕಗಳ ನಡುವೆ ಬಂದ ವ್ಯತ್ಯಾಸವನ್ನು 9ರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ, ಯಾರೋ ಪಕ್ಕಪಕ್ಕದ ಅಂಕಿಗಳನ್ನು ಅದಲುಬದಲು ಬರೆದಿರಬಹುದು ಅಂತ ಮೊದಲು ಅದನ್ನೇ ಹುಡುಕುತ್ತಾರಂತೆ. 52 ಬರೆಯುವಲ್ಲಿ 25 ಬರೆದರೆ ವ್ಯತ್ಯಾಸ 27. ಇಂಥ ತಪ್ಪುಗಳ ಹಿಂದೆ ಇಡೀ ದಿನ ಅಲೆಯುವವರಿಗೆ ತಪ್ಪು ಅಂದರೆ ಸಿಟ್ಟು ಬರುವುದಿಲ್ಲ. ಎಲ್ಲಿಂದ ಬಂತು ಅಂತ ಕುತೂಹಲ ಬರುತ್ತದೆ. ನನ್ನ ಕಿರಿಯಾಕೆಗೆ ಬೇಕಾಗಿದ್ದದ್ದು ಅದೇ ಗುಣ.

ಕಥೆಯಲ್ಲಿ ಆ ಕರೆ ಹೀಗೆ ಮುಂದುವರಿಯುತ್ತದೆ. ಹಿರಿಯಾಕೆ ಕ್ಷಮೆ ಕೇಳಿ ಇಡುತ್ತಾಳೆ. ಮತ್ತೆ ಡೈರಿ ನೋಡಿ, ಒಂದೊಂದೇ ಅಂಕಿ ಗಟ್ಟಿಯಾಗಿ ಹೇಳಿಕೊಂಡು ಒತ್ತುತ್ತಾಳೆ. ಮತ್ತೆ ಇವಳೇ ಎತ್ತುತ್ತಾಳೆ.

"ನೀವೇನಾ ಮತ್ತೆ? ನಾನು ಸರಿಯಾಗೇ ಒತ್ತಿದೆನಲ್ಲಮ್ಮಾ."

"ಇಡಬೇಡಿ, ಒಂದು ನಿಮಿಷ. ಡೈರಿಯಲ್ಲಿ ಇರೋ ನಂಬರ್ ಹೇಳಿ ನೋಡೋಣ."

ಆಕೆ ಹೇಳಿದ್ದು ಇವಳ ನಂಬರೇ. ಅಂದ ಮೇಲೆ ಬೆರಳು ತಪ್ಪಿಲ್ಲ. ಕೊನೆಯ ನಾಲ್ಕು ಅಂಕಿ 1416.

"ಅಮ್ಮಾ, ಅದರಲ್ಲಿ ಎರಡು ಒಂದು ಇದೆಯಲ್ಲ, ಅವು ಒಂದೇನಾ? ಏಳು ಇರಬಹುದಾ?"

ಆಕೆ ಕನ್ನಡಕ ಹುಡುಕುವ ಸದ್ದು. "ಒಂದರ ಹಾಗೂ ಇದೆ, ಏಳರ ಹಾಗೂ ಇದೆ ಕಣಮ್ಮಾ. ಆಗ ನಾನು ಅವಸರದಲ್ಲಿ ಬರೀತಿದ್ದೆ."

ಎರಡು ಜಾಗದಲ್ಲಿ ಅನುಮಾನ ಅಂದರೆ ನಾಲ್ಕು ನಂಬರು ಆಗುತ್ತವೆ. 1416, 7416, 1476, 7476. ಮೊದಲನೆಯದು ಇವಳದ್ದೇ. ಉಳಿದದ್ದು ಮೂರು. ಮೂರಕ್ಕೂ ಮಾಡಿ ನೋಡಿ ಅನ್ನಬಹುದಿತ್ತು. ಹಾಗೆ ಅಂದರೆ ಆಕೆ ಇನ್ನೂ ಇಬ್ಬರು ಅಪರಿಚಿತರ ಹತ್ತಿರ ಕ್ಷಮೆ ಕೇಳಬೇಕಾಗಬಹುದು ಅಂತ ಇವಳಿಗೆ ಹೊಳೆಯುತ್ತದೆ. ಅದಕ್ಕೇ ಇನ್ನೊಂದು ದಾರಿ ಹೇಳುತ್ತಾಳೆ. "ಅದೇ ಡೈರಿಯಲ್ಲಿ ನಿಮಗೆ ಬಾಯಿಪಾಠ ಬರೋ ನಂಬರ್ ಯಾವುದಾದ್ರೂ ಇದೆಯಾ? ಅದರಲ್ಲಿ ಏಳು ಇದ್ರೆ, ನೀವು ಆಗ ಏಳನ್ನ ಹೇಗೆ ಬರೀತಿದ್ರಿ ಅಂತ ನೋಡಿ." ಆಕೆ ಪುಟ ತಿರುಗಿಸಿ ತಂಗಿಯ ನಂಬರು ಹುಡುಕುತ್ತಾಳೆ. ಅದರಲ್ಲಿ ಏಳು ಇದೆ. ತಲೆಯ ಮೇಲಿನ ಗೆರೆ ಸ್ವಲ್ಪ ಉದ್ದ, ತುದಿಯಲ್ಲಿ ಒಂದು ಚಿಕ್ಕ ಕೊಕ್ಕೆ. ಒಂದಕ್ಕೆ ಆ ಕೊಕ್ಕೆ ಇಲ್ಲ. ವಾಪಸ್ ಬಂದು ನೋಡಿದರೆ, 1416ರ ಎರಡನೆಯ ಒಂದಕ್ಕೆ ಕೊಕ್ಕೆ ಇದೆ. ಹಾಗಾದರೆ 1476.

"ಈಗಲೇ ಮಾಡಿ. ಸಿಕ್ಕಿದ್ರೆ ನನಗೊಂದು ಮಾತು ಹೇಳ್ತೀರಾ?"

ಎರಡನೆಯ ಮಾತುಕತೆಗೆ ಕಾರಣ ಬೇಕು ಅಂತ ಒದ್ದಾಡುತ್ತಿದ್ದೆನಲ್ಲ, ಅದು ಇಲ್ಲಿ ತಾನಾಗಿ ಬಂತು. ಇದು ಅಮ್ಮ ಕೇಳಬೇಕಾಗಿದ್ದ ಪ್ರಶ್ನೆ. ಆ ಹೆಂಗಸು ಇಟ್ಟುಬಿಟ್ಟಿದ್ದರಿಂದ ಅಮ್ಮನಿಗೆ ಕೇಳಲು ಆಗಲಿಲ್ಲ.

ಮೊದಲು ಇಟ್ಟವರು ಯಾರು

ಇಲ್ಲಿ ಈ ಕಾಲದ ಒಂದು ಸಂಗತಿಯನ್ನು ಬಿಟ್ಟು ಹೋಗುವ ಹಾಗಿಲ್ಲ. ಈಗ ತಪ್ಪು ನಂಬರಿನಿಂದ ಒಳ್ಳೆಯ ಮಾತು ಬಂದರೆ ನಾವು ಮೊದಲು ಹೆದರುತ್ತೇವೆ. ಹೆದರಲು ಕಾರಣವೂ ಇದೆ. ತಪ್ಪಿ ಬಂದ ಹಾಗೆ ಒಂದು ಮೆಸೇಜು, ಒಂದು ಕ್ಷಮೆ, "ನೀವು ತುಂಬಾ ಒಳ್ಳೆಯವರು" ಅನ್ನುವ ಮಾತು, ವಾರಗಟ್ಟಲೆ ಹರಟೆ, ಕೊನೆಗೆ ಹಣ ಹಾಕಿಸುವುದು. ಈ ಮೋಸ ಎಲ್ಲ ಕಡೆ ನಡೆಯುತ್ತಿದೆ. ಕಥೆ ಇದನ್ನು ಕಾಣದ ಹಾಗೆ ನಟಿಸಿದರೆ ಓದುಗರು ಕೊನೆಯವರೆಗೂ "ಇನ್ನೇನು ದುಡ್ಡು ಕೇಳ್ತಾಳೆ" ಅಂತ ಕಾಯುತ್ತಲೇ ಇರುತ್ತಾರೆ. ಗೆಳೆತನ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾಗಿ ಆ ಅನುಮಾನವನ್ನು ಕಿರಿಯಾಕೆಗೇ ಕೊಟ್ಟೆ. ಅರ್ಧ ಗಂಟೆಯ ಬಳಿಕ ಅದೇ ನಂಬರಿನಿಂದ ಕರೆ ಬರುತ್ತದೆ. ಹೇಳಿ ಅಂತ ಕೇಳಿದ್ದು ಇವಳೇ. ಆದರೂ ಫೋನು ಕೈಯಲ್ಲಿ ಹೊಡೆದುಕೊಳ್ಳುವಾಗ ಒಂದು ಕ್ಷಣ ಎತ್ತಲೋ ಬೇಡವೋ ಅನ್ನಿಸುತ್ತದೆ. ಎತ್ತುತ್ತಾಳೆ, ಬಿಗಿಯಾಗಿ "ಹಲೋ" ಅನ್ನುತ್ತಾಳೆ. ಹಿರಿಯಾಕೆಯ ದನಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. "ಸಿಕ್ಕಿದಳಮ್ಮಾ! ಏಳೇ ಅದು! ನೆಗಡಿನೂ ಇಲ್ಲ, ಏನೂ ಇಲ್ಲ, ಚೆನ್ನಾಗಿದ್ದಾಳೆ." ಇವಳಿಗೆ ನಗು ಬರುತ್ತದೆ. ಆದರೂ ಕಾಯುತ್ತಾಳೆ. ಇನ್ನು ಹೆಸರು ಕೇಳಬಹುದು, ಊರು ಕೇಳಬಹುದು, ಎಲ್ಲಿ ಕೆಲಸ ಅಂತ ಕೇಳಬಹುದು. ಆಕೆ ಏನೂ ಕೇಳುವುದಿಲ್ಲ. "ನಿಮ್ಮ ಹೊತ್ತು ಹಾಳು ಮಾಡಿದೆ, ಕೆಲಸ ನೋಡಿಕೊಳ್ಳಿ, ಇಡ್ತೀನಿ" ಅಂದು ಇಟ್ಟುಬಿಡುತ್ತಾಳೆ.

ನನಗೆ ಈ ಇಡುವುದು ಮುಖ್ಯವಾಗಿ ಕಂಡಿತು. ಮೋಸ ಮಾಡಲು ಬಂದವರು ಮಾತು ಬೆಳೆಸುತ್ತಾರೆ, ತಾವಾಗಿ ಮೊದಲು ಇಡುವುದಿಲ್ಲ. ಅವರ ಪ್ರಶ್ನೆಗಳೆಲ್ಲ ಎತ್ತಿದವರ ಸುತ್ತಲೇ ತಿರುಗುತ್ತವೆ, ಶುರುವಿನ ತಪ್ಪು ಬೇಗ ಮರೆತುಹೋಗುತ್ತದೆ. ಹಿರಿಯಾಕೆಗೆ ಆ ತಪ್ಪೇ ಎಲ್ಲ, ಏಳು ಸಿಕ್ಕಿದ್ದೇ ಸಂಭ್ರಮ. ಹಿಂದಿನ ಕರಡಿನಲ್ಲಿ ಇದೇ ಜಾಗದಲ್ಲಿ ಇಬ್ಬರೂ ತಮ್ಮ ಬದುಕಿನ ಕಷ್ಟ ಹೇಳಿಕೊಂಡಿದ್ದರು, ನಾಲ್ಕು ಪುಟ. ಎಲ್ಲ ಹೊಡೆದು ಹಾಕಿದೆ. ಎರಡನೆಯ ಮಾತುಕತೆಯಲ್ಲೇ ಯಾರೂ ಅಷ್ಟು ಬಿಚ್ಚಿಕೊಳ್ಳುವುದಿಲ್ಲ. ಬಿಚ್ಚಿಕೊಂಡರೆ ಕೇಳುವವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಸುಮ್ನೆ ಮಾಡಿದೆ

ಕರೆ ಮಾಡಿದ ಮೇಲೆ ಯಾಕೆ ಮಾಡಿದ್ದು ಅಂತ ಬೇಗ ಹೇಳಬೇಕು. ಅಪರಿಚಿತರಿಗಾದರೆ ಎರಡನೆಯ ಮಾತಿಗೇ ಹೇಳುತ್ತೇವೆ. ಕಾರಣವಿಲ್ಲದೆ ಕರೆ ಮಾಡುವ ಹಕ್ಕು ಇರುವುದು ಹತ್ತಿರದವರಿಗೆ ಮಾತ್ರ. ಅದಕ್ಕೆ ನಮ್ಮಲ್ಲಿ ಸಿದ್ಧವಾದ ಮಾತೇ ಇದೆ, "ಏನಿಲ್ಲ, ಸುಮ್ನೆ ಮಾಡಿದೆ." ನನ್ನ ಕಥೆ ಎಲ್ಲಿ ಮುಗಿಯಬೇಕು ಅಂತ ಇದರಿಂದ ಗೊತ್ತಾಯಿತು. ಇಲ್ಲಿಯವರೆಗೆ ಎಲ್ಲ ಕರೆಗಳೂ ಹಿರಿಯಾಕೆಯಿಂದಲೇ ಬಂದವು, ಪ್ರತಿಯೊಂದಕ್ಕೂ ಒಂದು ಕಾರಣ ಇತ್ತು. ಎತ್ತಿದವಳು ಯಾವತ್ತು ತಾನಾಗಿ ಒತ್ತುತ್ತಾಳೋ, ಅದೂ ಸುಮ್ನೆ, ಅವತ್ತು ಇವರು ಗೆಳತಿಯರು.

ಆದರೆ ಆ "ಸುಮ್ನೆ" ಕೂಡ ಎಲ್ಲಿಂದಲೋ ಬರಬೇಕಲ್ವಾ? ಕೆಲವು ವಾರ ಕಳೆದಿರುತ್ತವೆ. ಕಿರಿಯಾಕೆ ಕಚೇರಿಯಲ್ಲಿ ಸಂಜೆ ಕೂತು ಒಂದು ಲೆಕ್ಕ ತಾಳೆ ನೋಡುತ್ತಿದ್ದಾಳೆ. ಕೂಡುತ್ತಿಲ್ಲ. ವ್ಯತ್ಯಾಸ 60. ಎಲ್ಲರೂ ಮನೆಗೆ ಹೋದರು. 60 ಅನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಹಾಗಾಗಿ ಅದಲುಬದಲು ಆಗಿಲ್ಲ. ಮೂರು ಗಂಟೆ ಹುಡುಕಿದ ಮೇಲೆ ಸಿಗುತ್ತದೆ. ಯಾರೋ ಕೈಯಲ್ಲಿ ಬರೆದ ಚೀಟಿಯೊಂದರಲ್ಲಿ ಇದ್ದದ್ದು 476. ಅದನ್ನು 416 ಅಂತ ಓದಿ ಪುಸ್ತಕಕ್ಕೆ ಏರಿಸಿದ್ದಾರೆ. ಏಳರ ತುದಿಯಲ್ಲಿ ಚಿಕ್ಕದೊಂದು ಕೊಕ್ಕೆ ಇದೆ.

ಇಲ್ಲಿ ನಾನು ಎರಡನೆಯ ಕಾಕತಾಳೀಯ ತಂದೆನಾ ಅಂತ ಗೆಳತಿಯನ್ನು ಕೇಳಿದೆ. ಅವಳು ಯೋಚಿಸಿ, ಒಂದು ಮತ್ತು ಏಳು ಕಲಸಿಹೋಗುವುದು ಲೆಕ್ಕದವರಿಗೆ ದಿನದ ಪಾಡು, ಆದರೆ ಅದೇ 416 ಮತ್ತು 476 ಬೇಡ ಅಂದಳು. ಸರಿ, ಚೀಟಿಯ ಅಂಕಿಗಳನ್ನು 315 ಮತ್ತು 375 ಮಾಡಿದೆ. ವ್ಯತ್ಯಾಸ 60 ಹಾಗೇ ಉಳಿಯಿತು. ಅವಳು ಇನ್ನೊಂದು ಸಲಹೆಯನ್ನೂ ಕೊಟ್ಟಳು. ಕೊನೆಗೆ ಇವರಿಬ್ಬರೂ "ನೀನು" ಅನ್ನಲಿ, ಆ ಮೊದಲ "ಕಣೇ" ವಾಪಸ್ ಬರಲಿ. ಅದನ್ನು ಮಾತ್ರ ಒಪ್ಪಲು ಆಗಲಿಲ್ಲ. ಆ "ಕಣೇ" ಎಷ್ಟೋ ವರ್ಷದ ಗೆಳತಿಯದ್ದು. ಇವರಿಬ್ಬರ ನಡುವೆ ಇರುವುದು ಇವರದ್ದೇ ಬೇರೆ. ಅದು "ನೀವು" ಅನ್ನುತ್ತಲೇ ಇರಬಲ್ಲದು.

ಕಿರಿಯಾಕೆ ಆ ಚೀಟಿ ಹಿಡಿದುಕೊಂಡು ಖಾಲಿ ಕಚೇರಿಯಲ್ಲಿ ನಗುತ್ತಾಳೆ. ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಸಹೋದ್ಯೋಗಿಗೆ ಹೇಳಿದರೆ "ಸಿಕ್ಕಿತಲ್ಲ, ಸಾಕು" ಅನ್ನುತ್ತಾರೆ. ಮನೆಯಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ. ಈ ಕೊಕ್ಕೆ ಗೊತ್ತಿರುವವರು ಒಬ್ಬರೇ. ಫೋನು ತೆಗೆದು ಹಳೆಯ ಕರೆಗಳಲ್ಲಿ ಹುಡುಕುತ್ತಾಳೆ. ಹೆಸರು ಹಾಕಿ ಇಟ್ಟುಕೊಂಡಿಲ್ಲ, ಬರೀ ನಂಬರು. ತಾರೀಖು ನೋಡಿ ಗುರುತು ಹಿಡಿಯುತ್ತಾಳೆ. ಒತ್ತುತ್ತಾಳೆ.

"ಹಲೋ?"

"ನಾನು."

ಆ ಕಡೆ ತಡವೇ ಆಗಲಿಲ್ಲ. "ಗೊತ್ತಾಯ್ತು ಹೇಳಿ. ಏನು ಇಷ್ಟು ಹೊತ್ತಿನಲ್ಲಿ?"

"ಏನಿಲ್ಲ, ಸುಮ್ನೆ ಮಾಡಿದೆ."

ಕಥೆ ಅಲ್ಲಿಗೆ ನಿಂತಿತು. ಕಳೆದ ವಾರ ಅಮ್ಮನಿಗೆ ಓದಿ ಹೇಳಿದೆ. ಈಗ ಅವಳಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಕಿವಿ ಚುರುಕು. ಕಣ್ಣು ಮುಚ್ಚಿ ಕೇಳಿದಳು. ಕಚೇರಿಯ ಲೆಕ್ಕ ಬಂದಾಗ ಸ್ವಲ್ಪ ಮಿಸುಕಾಡಿದಳು, ನಡುವೆ ತಡೆಯಲಿಲ್ಲ. ಮುಗಿದ ಮೇಲೆ ಕಥೆ ಹೇಗಿದೆ ಅಂತ ನಾನು ಕೇಳುವ ಮೊದಲೇ, "ಹಾಗಾದ್ರೆ ಆಕೆಗೆ ನಂಬರು ಸಿಕ್ಕಿತು ಅನ್ನು" ಅಂದಳು.

"ಸಿಕ್ಕಿತಮ್ಮ" ಅಂದೆ.

"ಇನ್ನೊಂದು ಸಲ ಓದು, ಆ ಡೈರಿ ನೋಡೋ ಜಾಗ" ಅಂದಳು.